ಇಚಿಮೊಕು ಮೋಡ: ಟ್ರೆಂಡ್ ಎಷ್ಟು ಗಟ್ಟಿ, ಸಪೋರ್ಟ್ ಎಲ್ಲಿದೆ – ಇವೆರಡೂ ಬೇರೆ ಬೇರೆ ಪ್ರಶ್ನೆ

ಈ ವಾರದ ಮಾತುಕತೆಯ ಬರಹ ರೂಪ ಇದು. ವಿಡಿಯೋದಲ್ಲಿ ಚಾರ್ಟ್ ಮೇಲೆ ಬೆರಳಿಟ್ಟು ತೋರಿಸಿದ್ದನ್ನ ಇಲ್ಲಿ ಅಂಕಿ ಸಮೇತ ಬರೆದಿದ್ದೀನಿ. ಪಕ್ಕದಲ್ಲಿ ಚಾರ್ಟ್ ತೆಗೆದಿಟ್ಕೊಂಡು ಓದಿದ್ರೆ ಚೆನ್ನಾಗಿ ಹಿಡಿಯುತ್ತೆ.

ವಿಷಯಕ್ಕೆ ಕಾರಣ, ಇಲ್ಲೇ ಭಾಂಡುಪ್‌ನಲ್ಲಿರೋ ಒಬ್ಬ ವೀಕ್ಷಕರು. ಹುಬ್ಬಳ್ಳಿ ಕಡೆಯವರು, ಐರೋಳಿಯಲ್ಲಿ ಕೆಲಸ. ಅವರ ಪ್ರಶ್ನೆ ಹೀಗಿತ್ತು: "ಸರ್, ಮನೆ ಡೌನ್ ಪೇಮೆಂಟಿಗೆ ಅಂತ ಇಟ್ಟಿದ್ದರಲ್ಲಿ ಸ್ವಲ್ಪ ಭಾಗ ಬಿಟ್‌ಕಾಯಿನ್‌ನಲ್ಲಿದೆ. ಬೆಲೆ ಇಳೀತಾ ಇದೆ. ಡೈಲಿ ಚಾರ್ಟ್‌ನಲ್ಲಿ ಇಚಿಮೊಕು ಹಾಕಿದ್ರೆ ಬೆಲೆ ಮೋಡದ ಒಳಗೆ ಕೂತಿದೆ. ಮೋಡ ಹಸಿರು ಇದೆ. ಹಸಿರು ಅಂದ್ರೆ ಸಪೋರ್ಟ್ ಇದೆ, ಟ್ರೆಂಡ್ ಚೆನ್ನಾಗಿದೆ ಅಂತ ತಾನೇ? ಇಟ್ಕೊಳ್ಳಲಾ, ಮಾರಲಾ?"

ಇಟ್ಕೊಳ್ಳಿ, ಮಾರಿ ಅಂತ ಹೇಳೋದು ನನ್ನ ಕೆಲಸ ಅಲ್ಲ. ಆದ್ರೆ ಆ ಪ್ರಶ್ನೆಯೊಳಗೆ ಒಂದು ಗಂಟು ಇದೆ, ಅದನ್ನ ಬಿಚ್ಚಬಹುದು. "ಸಪೋರ್ಟ್ ಇದೆ" ಮತ್ತು "ಟ್ರೆಂಡ್ ಚೆನ್ನಾಗಿದೆ" ಅನ್ನೋದನ್ನ ಅವರು ಒಂದೇ ಉಸಿರಿನಲ್ಲಿ ಹೇಳಿದ್ರು. ಇಚಿಮೊಕು ಇವೆರಡಕ್ಕೂ ಬೇರೆ ಬೇರೆ ಉತ್ತರ ಕೊಡುತ್ತೆ. ಕೆಲವು ದಿನ ಆ ಎರಡು ಉತ್ತರ ಒಂದಕ್ಕೊಂದು ತದ್ವಿರುದ್ಧ ಇರುತ್ತೆ. 2021ರ ಸೆಪ್ಟೆಂಬರ್ 21 ಅಂಥ ಒಂದು ದಿನ. ಇವತ್ತು ಆ ಒಂದು ದಿನವನ್ನೇ ಪೂರ್ತಿ ಲೆಕ್ಕ ಹಾಕಿ ನೋಡೋಣ. ಆಮೇಲೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಅದೇ ಮೋಡ ಹೇಗೆ ಕೈಕೊಟ್ಟಿತು ಅನ್ನೋದನ್ನೂ ನೋಡೋಣ.

ಐದು ಗೆರೆ, ಒಂದೇ ಲೆಕ್ಕ

ಇಚಿಮೊಕು ಕಂಡುಹಿಡಿದವರು ಗೊಯಿಚಿ ಹೊಸೊದಾ ಅನ್ನೋ ಜಪಾನಿ ಪತ್ರಕರ್ತರು. ಅವರ ಕಾವ್ಯನಾಮ ಇಚಿಮೊಕು ಸಂಜಿನ್. 1930ರ ದಶಕದಲ್ಲಿ ಶುರು ಮಾಡಿದ ಕೆಲಸವನ್ನ 1960ರ ದಶಕದ ಕೊನೆಯಲ್ಲಿ ಪುಸ್ತಕವಾಗಿ ಹೊರತಂದರು. ಇಚಿಮೊಕು ಅಂದ್ರೆ 'ಒಂದು ನೋಟ'. ಒಂದೇ ನೋಟದಲ್ಲಿ ಮಾರುಕಟ್ಟೆಯ ಸಮತೋಲ ಕಾಣಬೇಕು ಅನ್ನೋದು ಅವರ ಆಸೆ. ಮೊದಲ ಸಲ ನೋಡೋರಿಗೆ ಮಾತ್ರ ಇದು ಸಿಕ್ಕು ಬಿದ್ದ ದಾರದ ಉಂಡೆ ಥರ ಕಾಣುತ್ತೆ.

ಹೆದರಬೇಡಿ, ಲೆಕ್ಕ ಒಂದೇ. ಇಷ್ಟು ದಿನದಲ್ಲಿ ಮುಟ್ಟಿದ ಅತಿ ಎತ್ತರದ ಬೆಲೆ, ಅತಿ ಕೆಳಗಿನ ಬೆಲೆ, ಇವೆರಡರ ನಡುಮಧ್ಯ. ಅಷ್ಟೇ. ಮೂವಿಂಗ್ ಆವರೇಜ್ ಥರ ಎಲ್ಲಾ ದಿನದ ಬೆಲೆ ಕೂಡಿಸಿ ಭಾಗಿಸೋದಿಲ್ಲ. ಎರಡೇ ಅಂಕಿ ಸಾಕು.

```
tenkan = (highest(high, 9)  + lowest(low, 9))  / 2
kijun  = (highest(high, 26) + lowest(low, 26)) / 2
spanA  = (tenkan + kijun) / 2
spanB  = (highest(high, 52) + lowest(low, 52)) / 2
```

ಟೆಂಕನ್ ಅನ್ನೋದು 9 ದಿನದ ನಡುಗೆರೆ, ಕಿಜುನ್ ಅನ್ನೋದು 26 ದಿನದ್ದು. ಟ್ರೇಡಿಂಗ್‌ವ್ಯೂನಲ್ಲಿ ಇವು Conversion Line, Base Line ಅನ್ನೋ ಹೆಸರಲ್ಲಿ ಇರುತ್ತೆ. ಈ ಎರಡರ ನಡುಮಧ್ಯ ಸ್ಪ್ಯಾನ್ ಎ. 52 ದಿನದ ನಡುಗೆರೆ ಸ್ಪ್ಯಾನ್ ಬಿ. ಎ ಮತ್ತು ಬಿ ಗೆರೆಗಳನ್ನ ಇವತ್ತಿನ ಜಾಗದಲ್ಲಿ ಹಾಕೋದಿಲ್ಲ, 26 ಕ್ಯಾಂಡಲ್ ಮುಂದಕ್ಕೆ ತಳ್ಳಿ ಹಾಕ್ತಾರೆ. ಅವೆರಡರ ನಡುವೆ ಬಣ್ಣ ತುಂಬಿದ ಜಾಗವೇ ಮೋಡ. ಎ ಮೇಲಿದ್ರೆ ಹಸಿರು, ಬಿ ಮೇಲಿದ್ರೆ ಕೆಂಪು. ಐದನೆಯದು ಚಿಕೌ, ಪರದೆ ಮೇಲೆ Lagging Span. ಅದಕ್ಕೆ ಲೆಕ್ಕವೇ ಇಲ್ಲ, ಇವತ್ತಿನ ಕ್ಲೋಸ್ ಬೆಲೆಯನ್ನ 26 ಕ್ಯಾಂಡಲ್ ಹಿಂದಕ್ಕೆ ಎಳೆದು ತೋರಿಸೋದು ಅಷ್ಟೇ.

ಇಲ್ಲಿ ಒಂದು ಮಾತು ಮನಸ್ಸಿನಲ್ಲಿ ಇಟ್ಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಇವತ್ತಿನ ಬೆಲೆಯ ಹಿಂದೆ ಕಾಣೋ ಮೋಡ ಇವತ್ತಿನದಲ್ಲ. ಸುಮಾರು ನಾಲ್ಕು ವಾರದ ಹಿಂದೆಯೇ ಲೆಕ್ಕ ಮುಗಿದು, ಅಲ್ಲಿ ಬಂದು ಕಾಯ್ತಾ ಇರೋ ಮೋಡ ಅದು. ಇವತ್ತಿನ ಸುದ್ದಿ, ಇವತ್ತಿನ ಗಾಬರಿ ಅದಕ್ಕೆ ಗೊತ್ತಿಲ್ಲ.

ಚಾರ್ಟ್ ಹಾಕೋ ಮುಂಚೆ ಮೂರು ವಿಷಯ

ಮೊದಲನೆಯದು, ಸಮಯ. ಬಿಟ್‌ಕಾಯಿನ್ ಮಾರುಕಟ್ಟೆ ಮುಚ್ಚೋದೇ ಇಲ್ಲ, ಆದ್ರೆ ಡೈಲಿ ಕ್ಯಾಂಡಲ್ ಮುಚ್ಚಲೇಬೇಕು. ಜಗತ್ತಿನ ಹೆಚ್ಚಿನ ಚಾರ್ಟ್‌ಗಳಲ್ಲಿ ಅದು ಯುಟಿಸಿ ಮಧ್ಯರಾತ್ರಿಗೆ ಮುಚ್ಚುತ್ತೆ, ಅಂದ್ರೆ ನಮಗೆ ಬೆಳಗಿನ ಜಾವ 5:30. ರಾತ್ರಿ ಹನ್ನೊಂದಕ್ಕೆ ಮಲಗೋ ಮುಂಚೆ ನೋಡೋ ಕ್ಯಾಂಡಲ್ ಇನ್ನೂ ಅರ್ಧ ಬೆಂದ ಅನ್ನ. ಭಾಂಡುಪ್ ಸ್ಟೇಷನ್‌ಗೆ ಹೊರಡೋ ಮುಂಚೆ, ಚಹಾ ಕುಡೀತಾ ನೋಡಿದ್ರೆ ಮುಗಿದ ಕ್ಯಾಂಡಲ್ ಸಿಗುತ್ತೆ. ಇಚಿಮೊಕು ಡೈಲಿ ಚಾರ್ಟ್‌ಗೆ ಆಫೀಸಿನಲ್ಲಿ ಕೂತು ಹತ್ತು ಸಲ ಫೋನ್ ತೆಗೆಯೋ ಅಗತ್ಯವೇ ಇಲ್ಲ, ದಿನಕ್ಕೆ ಒಂದು ಸಲ ಸಾಕು.

ಎರಡನೆಯದು, ಯಾವ ಬೆಲೆ. ಓದೋದಕ್ಕೆ ಡಾಲರ್ ಚಾರ್ಟೇ ಇರಲಿ. ರೂಪಾಯಿ ಚಾರ್ಟ್‌ನಲ್ಲಿ ಡಾಲರ್–ರೂಪಾಯಿ ದರದ ಏರಿಳಿತ, ನಮ್ಮ ದೇಶದ ಬೇಡಿಕೆಯಿಂದ ಬರೋ ಹೆಚ್ಚುವರಿ ಬೆಲೆ ಎಲ್ಲ ಸೇರಿಕೊಂಡಿರುತ್ತೆ. ಅತಿ ಎತ್ತರ, ಅತಿ ಕೆಳಗು ಅನ್ನೋ ಎರಡೇ ಅಂಕಿಯ ಮೇಲೆ ನಿಂತ ಲೆಕ್ಕದಲ್ಲಿ, ಯಾವುದೋ ಒಂದು ಕಡೆ ಆದ ಒಂದು ವಿಚಿತ್ರ ವ್ಯವಹಾರ ಇಡೀ ಗೆರೆಯನ್ನ ಕೆಡಿಸಬಹುದು. ಹೆಚ್ಚು ವಹಿವಾಟು ಇರೋ ಚಾರ್ಟ್ ಆರಿಸ್ಕೊಳ್ಳಿ, ಆರಿಸಿದ ಮೇಲೆ ಬದಲಾಯಿಸಬೇಡಿ. ಕೆಳಗಿನ ಅಂಕಿಗಳು ನೀವು ನೋಡೋ ಎಕ್ಸ್‌ಚೇಂಜ್‌ನಲ್ಲಿ ಸ್ವಲ್ಪ ಆಚೀಚೆ ಇರಬಹುದು, ಕಥೆ ಬದಲಾಗೋದಿಲ್ಲ.

ಮೂರನೆಯದು, 9-26-52 ಬದಲಾಯಿಸಬೇಕಾ ಅನ್ನೋದು. ಹೊಸೊದಾ ಕಾಲದಲ್ಲಿ ಜಪಾನಿನ ಮಾರುಕಟ್ಟೆ ಶನಿವಾರವೂ ನಡೀತಿತ್ತು, 26 ಅಂದ್ರೆ ತಿಂಗಳ ಕೆಲಸದ ದಿನಗಳು ಅಂತ ಸಾಮಾನ್ಯವಾಗಿ ವಿವರಿಸ್ತಾರೆ. ಬಿಟ್‌ಕಾಯಿನ್‌ಗೆ ರಜೆಯೇ ಇಲ್ಲ, ಹಾಗಾಗಿ ಕೆಲವರು 10-30-60 ಹಾಕ್ತಾರೆ, ಕೆಲವರು 20-60-120. ನಾನು ಮೂಲ ಅಂಕಿಗಳನ್ನೇ ಇಟ್ಕೊಳ್ತೀನಿ. ಬೇರೆ ಅಂಕಿ ತಪ್ಪು ಅಂತ ಅಲ್ಲ. ಬೆಲೆ ಇಳಿದಾಗ ನಮಗೆ ಬೇಕಾದ ಕಡೆ ಸಪೋರ್ಟ್ ಕಾಣೋ ಹಾಗೆ ಸೆಟ್ಟಿಂಗ್ ತಿರುಗಿಸೋ ಚಾಳಿ ಎಲ್ಲರಿಗೂ ಬರುತ್ತೆ, ಅದಕ್ಕೆ ಜಾಗ ಕೊಡಬಾರದು ಅಂತ.

ಸೆಪ್ಟೆಂಬರ್ 21, 2021: ಮೋಡವನ್ನ ಕೈಯಲ್ಲೇ ಕಟ್ಟೋಣ

ಹಿನ್ನೆಲೆ ಹೀಗಿದೆ. 2021ರ ಜುಲೈ 20ರಂದು ಬಿಟ್‌ಕಾಯಿನ್ ಸುಮಾರು 29,300 ಡಾಲರ್‌ಗೆ ಇಳಿದಿತ್ತು. ಅಲ್ಲಿಂದ ಏರಿ ಆಗಸ್ಟ್ 23ಕ್ಕೆ 50,500 ಮುಟ್ಟಿತು. ಸೆಪ್ಟೆಂಬರ್ 7ರಂದು ಎಲ್ ಸಾಲ್ವಡಾರ್ ದೇಶದಲ್ಲಿ ಬಿಟ್‌ಕಾಯಿನ್ ಕಾನೂನುಬದ್ಧ ಹಣವಾಯ್ತು. ಆ ದಿನವೇ ಬೆಲೆ 52,900ರಿಂದ 43,000ದ ಕೆಳಗೆ ಬಿದ್ದು ಮತ್ತೆ ಸ್ವಲ್ಪ ಚೇತರಿಸಿಕೊಂಡಿತು. ಸೆಪ್ಟೆಂಬರ್ 20ಕ್ಕೆ ಚೀನಾದ ಎವರ್‌ಗ್ರ್ಯಾಂಡ್ ಕಂಪನಿಯ ಸಾಲದ ಭಯ ಇಡೀ ಜಗತ್ತಿನ ಮಾರುಕಟ್ಟೆಗೆ ಹರಡಿತು. 21ರಂದು ಬಿಟ್‌ಕಾಯಿನ್ 39,600ರವರೆಗೆ ಜಾರಿ, ಕೊನೆಗೆ ಸುಮಾರು 40,700ಕ್ಕೆ ಕ್ಲೋಸ್ ಆಯ್ತು. ನಮ್ಮ ಗಡಿಯಾರದಲ್ಲಿ ಆ ಕ್ಯಾಂಡಲ್ ಮುಗಿದದ್ದು 22ರ ಬೆಳಗಿನ 5:30ಕ್ಕೆ.

ಈಗ ಆ ದಿನದ ಮೋಡ ಎಲ್ಲಿತ್ತು? ಅದಕ್ಕೆ ಹಿಂದಕ್ಕೆ ಹೋಗಬೇಕು. ಟ್ರೇಡಿಂಗ್‌ವ್ಯೂ ಇವತ್ತಿನ ಕ್ಯಾಂಡಲನ್ನೂ ಎಣಿಕೆಗೆ ಸೇರಿಸಿಕೊಳ್ಳೋದರಿಂದ 26 ಅಂದ್ರೆ 25 ದಿನ ಹಿಂದೆ, ಅಂದ್ರೆ ಆಗಸ್ಟ್ 27.

ಮೊದಲು ಸ್ಪ್ಯಾನ್ ಬಿ ಮಾಡೋಣ. ಆಗಸ್ಟ್ 27ಕ್ಕೆ ಮುಗಿಯೋ 52 ದಿನ ಜುಲೈ 7ರಿಂದ ಶುರುವಾಗುತ್ತೆ. ಅದರೊಳಗಿನ ಅತಿ ಎತ್ತರ 50,500, ಅತಿ ಕೆಳಗು 29,300. ನಡುಮಧ್ಯ 39,900.

ಆಮೇಲೆ ಸ್ಪ್ಯಾನ್ ಎ. ಅದೇ ದಿನದ 9 ದಿನದ ಎತ್ತರ 50,500, ಕೆಳಗು 43,900, ಟೆಂಕನ್ 47,200. 26 ದಿನದ ಎತ್ತರ ಅದೇ 50,500, ಕೆಳಗು ಆಗಸ್ಟ್ 5ರ 37,300, ಕಿಜುನ್ 43,900. ಇವೆರಡರ ನಡುಮಧ್ಯ ಸುಮಾರು 45,550.

ಹಾಗಾದ್ರೆ ಸೆಪ್ಟೆಂಬರ್ 21ಕ್ಕೆ ಮೋಡದ ಮೇಲಂಚು 45,550, ಕೆಳಂಚು 39,900. ಬೆಲೆ ದಿನದ ಮಧ್ಯೆ 39,600ಕ್ಕೆ ಹೋಯ್ತು, ಅಂದ್ರೆ ಕೆಳಂಚನ್ನ ಮುನ್ನೂರು ಡಾಲರ್ ದಾಟಿತು, ಆದ್ರೆ ಕ್ಲೋಸ್ ಆಗಿದ್ದು ಅಂಚಿನ ಮೇಲೆ. ಎವರ್‌ಗ್ರ್ಯಾಂಡ್ ಹೆಸರು ಮನೆಮಾತಾಗೋ ಮುಂಚೆಯೇ, ಆಗಸ್ಟ್ 27ರಂದೇ ಆ ಅಂಕಿ ಚಾರ್ಟ್ ಮೇಲೆ ಬಂದು ಕೂತಿತ್ತು.

ಇದರಲ್ಲಿ ಮಾಯ ಏನೂ ಇಲ್ಲ. ಸ್ಪ್ಯಾನ್ ಬಿ ನಿಜಕ್ಕೂ ಏನು ಅಂತ ನೋಡಿ: 29,300ರಿಂದ 50,500ಕ್ಕೆ ಏರಿದ್ದರಲ್ಲಿ ಸರಿಯಾಗಿ ಅರ್ಧ. ಬೆಲೆ ಅಲ್ಲಿಗೆ ಬಂತು ಅಂದ್ರೆ ಜುಲೈ-ಆಗಸ್ಟ್‌ನ ಏರಿಕೆಯಲ್ಲಿ ಅರ್ಧವನ್ನ ಮಾರುಕಟ್ಟೆ ವಾಪಸ್ ಕೊಟ್ಟಿದೆ ಅಂತ ಅರ್ಥ. ಉಳಿದರ್ಧ ಕೈಯಲ್ಲಿ ಉಳಿಯುತ್ತಾ ಅನ್ನೋದು ಕೊಂಡವರು, ಮಾರೋರು ಇಬ್ಬರೂ ಯೋಚಿಸೋ ಜಾಗ. ಅದಕ್ಕೇ ಅಲ್ಲಿ ಹೊಡೆದಾಟ ನಡೆಯುತ್ತೆ.

ಇನ್ನೊಂದು ಗುರುತು. ಆ ಸ್ಪ್ಯಾನ್ ಬಿ ಗೆರೆ ಸೆಪ್ಟೆಂಬರ್ 17ರಿಂದ ಹತ್ತು ದಿನ ಒಂದೇ ಮಟ್ಟದಲ್ಲಿ, ಮೇಜಿನ ಥರ ಸಪಾಟಾಗಿತ್ತು. ಆಗಸ್ಟ್ 23ರ ಎತ್ತರವನ್ನ ಮುಂದಿನ ಕೆಲವು ದಿನ ಯಾವ ಬೆಲೆಯೂ ದಾಟಲಿಲ್ಲ, ಜುಲೈ 20ರ ಕೆಳಗು ಕೂಡ 52 ದಿನದ ಕಿಟಕಿಯಿಂದ ಹೊರಗೆ ಹೋಗಲಿಲ್ಲ, ಹಾಗಾಗಿ ಲೆಕ್ಕ ಕದಲಲಿಲ್ಲ. ಮೋಡದಲ್ಲಿ ಸಪೋರ್ಟ್ ಹುಡುಕೋವಾಗ ಇಂಥ ಉದ್ದದ ಸಪಾಟು ಗೆರೆಯನ್ನ ಮೊದಲು ಹುಡುಕಿ. ಇಳಿಜಾರಾದ ಅಂಚು ದಿನಾ ಜಾಗ ಬದಲಾಯಿಸುತ್ತೆ, ಸಪಾಟು ಅಂಚಿಗೆ ಒಂದು ನಿಶ್ಚಿತ ಬೆಲೆ ಇರುತ್ತೆ.

ಮೇಲಂಚು ಏನಾಯ್ತು ಅಂತ ಕೇಳ್ತೀರಾ? 19ರಂದು ಬೆಲೆ 47,000ದ ಆಸುಪಾಸು, ಮೋಡದ ಮೇಲಿತ್ತು. 20ರಂದು ಒಂದೇ ದಿನದಲ್ಲಿ 45,550 ಮುರಿದು 43,000ಕ್ಕೆ ಬಂತು. ಮೇಲಂಚು ಒಂದು ದಿನವೂ ತಡೆಯಲಿಲ್ಲ. ಮೇಲಂಚಿನಲ್ಲಿ ಟೆಂಕನ್ ಬೆರೆತಿರೋದರಿಂದ ಅದು ಚಿಕ್ಕ ಅವಧಿಯ ಗೆರೆ, ಅದರ ಮೇಲೆ ಹೆಚ್ಚು ಭಾರ ಹಾಕಬಾರದು.

ಟ್ರೆಂಡಿನ ಬಲ: ಅದೇ ದಿನ, ಬೇರೆ ಉತ್ತರ

ಸಪೋರ್ಟ್ ನಿಂತಿತು, ಸರಿ. ಟ್ರೆಂಡ್ ಚೆನ್ನಾಗಿತ್ತಾ? ಅದಕ್ಕೆ ನಾಲ್ಕು ಪ್ರಶ್ನೆ ಕೇಳಬೇಕು. ಅದೇ ಸೆಪ್ಟೆಂಬರ್ 21ಕ್ಕೆ ಕೇಳೋಣ.

ಬೆಲೆ ಮೋಡದ ಮೇಲಿದೆಯಾ? ಇಲ್ಲ, ಒಳಗಿದೆ. ಒಳಗಿದೆ ಅಂದ್ರೆ ಟ್ರೆಂಡ್ ಇಲ್ಲ ಅಂತಲೇ ಓದಬೇಕು, ಮೋಡದ ಬಣ್ಣ ಯಾವುದೇ ಇರಲಿ.

ಟೆಂಕನ್ ಕಿಜುನ್‌ಗಿಂತ ಮೇಲಿದೆಯಾ? ಆ ದಿನ ಟೆಂಕನ್ ಸುಮಾರು 44,200, ಕಿಜುನ್ 46,250. ಚಿಕ್ಕ ಅವಧಿಯ ಸಮತೋಲ ದೊಡ್ಡದಕ್ಕಿಂತ ಕೆಳಗೆ. ಉತ್ತರ ಇಲ್ಲ.

ಚಿಕೌ ಹಳೆ ಬೆಲೆಗಿಂತ ಮೇಲಿದೆಯಾ? 40,700ನ್ನ ಆಗಸ್ಟ್ 27ರ ಜಾಗಕ್ಕೆ ಎಳೆದಿಟ್ಟರೆ, ಅಲ್ಲಿ ಬೆಲೆ 46,000ಕ್ಕೂ ಮೇಲಿತ್ತು. ಅಂದ್ರೆ ಆ ವಾರ ಕೊಂಡವರೆಲ್ಲ ಈಗ ನಷ್ಟದಲ್ಲಿದ್ದಾರೆ. ಬೆಲೆ ಸ್ವಲ್ಪ ಏರಿದ್ರೆ 'ಅಸಲು ಬಂತು, ಸಾಕು' ಅಂತ ಮಾರೋಕೆ ಅವರು ಕಾಯ್ತಿರ್ತಾರೆ. ಉತ್ತರ ಮತ್ತೆ ಇಲ್ಲ.

ಮುಂದಿನ ಮೋಡ ಹಸಿರಿದೆಯಾ? ಆ ದಿನ ಲೆಕ್ಕ ಆಗಿ ಮುಂದಕ್ಕೆ ಹೋದ ಎ ಸುಮಾರು 45,250, ಬಿ 45,100. ಹಸಿರು ಹೌದು, ಆದ್ರೆ ಕೂದಲೆಳೆಯಷ್ಟು. ಏಪ್ರಿಲ್ ಬಿಸಿಲಿನ ಮೋಡ ಇದ್ದ ಹಾಗೆ, ಹೆಸರಿಗೆ ಮಾತ್ರ.

ಲೆಕ್ಕ ಹಾಕಿದ್ರೆ ಮೂರು ಇಲ್ಲ, ಒಂದು ಅರೆಮನಸ್ಸಿನ ಹೌದು. ಕೆಳಗೆ ನೆಲ ಇದೆ, ಕಾಲಲ್ಲಿ ಬಲ ಇಲ್ಲ. ನಮ್ಮ ವೀಕ್ಷಕರ ಪ್ರಶ್ನೆಗೆ ನೇರ ಉತ್ತರ ಇದೇ: ಬೆಲೆಯ ಹಿಂದಿರೋ ಹಸಿರು ಬಣ್ಣ ನಾಲ್ಕು ವಾರದ ಹಿಂದಿನ ಬಲವನ್ನ ತೋರಿಸ್ತಾ ಇದೆ, ಇವತ್ತಿನದನ್ನಲ್ಲ. ಇವತ್ತಿನ ಬಲ ಬೇಕಾದ್ರೆ ಚಾರ್ಟಿನ ಬಲತುದಿಯಲ್ಲಿ, ಬೆಲೆ ಇನ್ನೂ ತಲುಪದ ಕಡೆ ಇರೋ ಮೋಡ ನೋಡಿ, ಉಳಿದ ಮೂರು ಪ್ರಶ್ನೆಯೂ ಕೇಳಿ.

ಮುಂದೆ ಏನಾಯ್ತು? ಸೆಪ್ಟೆಂಬರ್ 24ರಂದು ಚೀನಾದ ಕೇಂದ್ರ ಬ್ಯಾಂಕ್ ಎಲ್ಲಾ ಕ್ರಿಪ್ಟೋ ವ್ಯವಹಾರ ಕಾನೂನುಬಾಹಿರ ಅಂತ ಸಾರಿತು. ಇದಕ್ಕಿಂತ ಕೆಟ್ಟ ಸುದ್ದಿ ಬೇಕಾ? ಬೆಲೆ 40,700ರವರೆಗೆ ಇಳಿದು ಕೆಳಂಚಿನ ಮೇಲೇ ನಿಂತಿತು. 28ಕ್ಕೆ ಸುಮಾರು 41,000ಕ್ಕೆ ಕ್ಲೋಸ್, ಆಗ ಕೆಳಂಚು 40,150. ಮತ್ತೆ ನಿಂತಿತು. ಅಕ್ಟೋಬರ್ 1ಕ್ಕೆ ಒಂದೇ ದಿನದಲ್ಲಿ 48,000 ದಾಟಿತು. ಅಕ್ಟೋಬರ್ 5ಕ್ಕೆ ಸುಮಾರು 51,500ಕ್ಕೆ ಕ್ಲೋಸ್ ಆದಾಗ ಬೆಲೆ ಮೋಡದ ಮೇಲೆ, ಟೆಂಕನ್ ಕಿಜುನ್‌ನ ಮೇಲೆ, ಚಿಕೌ ಹಳೆ ಬೆಲೆಯ ಮೇಲೆ. ಮೂರು ಹೌದು. ತಮಾಷೆ ಅಂದ್ರೆ ಮುಂದಿನ ಮೋಡ ಮಾತ್ರ ಆ ದಿನ ತೆಳುವಾಗಿ ಕೆಂಪಾಗಿತ್ತು. ನಾಲ್ಕೂ ಒಟ್ಟಿಗೆ ಹೌದು ಅನ್ನೋವರೆಗೆ ಕಾದರೆ ಬಸ್ಸು ಎರಡು ಸ್ಟಾಪ್ ಮುಂದೆ ಹೋಗಿರುತ್ತೆ ಅನ್ನೋದಕ್ಕೆ ಇದೇ ಸಾಕ್ಷಿ. ಅಕ್ಟೋಬರ್ 20ಕ್ಕೆ ಬೆಲೆ 67,000ದ ಹತ್ತಿರ, ಆವರೆಗಿನ ದಾಖಲೆ.

ಈ ಎರಡು ದಿನಗಳು ಎರಡು ಥರದ ಜನರಿಗೆ. ಸೆಪ್ಟೆಂಬರ್ 22ರ ಬೆಳಿಗ್ಗೆ ಸಪೋರ್ಟ್ ನಂಬಿ ಕೊಂಡವರಿಗೆ ಬೆಲೆ ಅಗ್ಗ, ತಪ್ಪಾದ್ರೆ ಹೊರಬರೋ ಜಾಗ ಹತ್ತಿರ – 39,900ರ ಕೆಳಗೆ ಕ್ಲೋಸ್ ಆದ್ರೆ ಮುಗೀತು. ಆದ್ರೆ ಟ್ರೆಂಡ್ ಅವರ ಪರವಾಗಿರಲಿಲ್ಲ, ಹತ್ತು ದಿನ ಹೊಟ್ಟೆಯಲ್ಲಿ ಸಂಕಟ. ಅಕ್ಟೋಬರ್ 6ರ ಬೆಳಿಗ್ಗೆ ಬಲ ನೋಡಿ ಕೊಂಡವರು ಹತ್ತು ಸಾವಿರ ಡಾಲರ್ ಹೆಚ್ಚು ಕೊಟ್ಟರು, ಅವರ ಹೊರಬರೋ ಜಾಗವೂ ದೂರ. ಯಾವುದು ಸರಿ ಅನ್ನೋದಕ್ಕಿಂತ, ನೀವು ಯಾವುದನ್ನ ಮಾಡ್ತಾ ಇದ್ದೀರಿ ಅಂತ ನಿಮಗೆ ಗೊತ್ತಿರಬೇಕು.

ಡಿಸೆಂಬರ್ 4: ಅದೇ ಮೋಡ, ಮುರಿದ ನೆಲ

ಇಲ್ಲಿಗೇ ನಿಲ್ಲಿಸಿದ್ರೆ ಇದು ಮೋಸದ ಪಾಠ ಆಗುತ್ತೆ. ಎರಡು ತಿಂಗಳು ಮುಂದೆ ಬನ್ನಿ.

ನವೆಂಬರ್ 10ಕ್ಕೆ ಬಿಟ್‌ಕಾಯಿನ್ 69,000 ಮುಟ್ಟಿ ಇಳಿಯೋಕೆ ಶುರುವಾಯ್ತು. ಡಿಸೆಂಬರ್ 3ಕ್ಕೆ ಸುಮಾರು 53,600ಕ್ಕೆ ಕ್ಲೋಸ್. ಆ ದಿನದ ಸ್ಪ್ಯಾನ್ ಬಿ ಲೆಕ್ಕ ನವೆಂಬರ್ 8ರದ್ದು: 52 ದಿನದ ಎತ್ತರ 67,800, ಕೆಳಗು ನಾವು ಈಗಾಗಲೇ ನೋಡಿದ ಸೆಪ್ಟೆಂಬರ್ 21ರ 39,600. ನಡುಮಧ್ಯ 53,700. ಬೆಲೆ ಹೆಚ್ಚುಕಮ್ಮಿ ಅಂಚಿನ ಮೇಲೇ ಕೂತಿದೆ. ಮೋಡದ ಮೇಲಂಚು 63,000. ಅಂದ್ರೆ ಒಂಬತ್ತು ಸಾವಿರ ಡಾಲರ್ ದಪ್ಪದ ಹಸಿರು ಮೋಡ. 'ದಪ್ಪ ಮೋಡ, ಗಟ್ಟಿ ಸಪೋರ್ಟ್' ಅನ್ನೋ ಮಾತು ಎಲ್ಲಾ ಕಡೆ ಕೇಳಿರ್ತೀರಿ.

ಡಿಸೆಂಬರ್ 4, ಶನಿವಾರ, ನಮ್ಮಲ್ಲಿ ಬೆಳಿಗ್ಗೆ ತಿಂಡಿ ಮುಗಿಸೋ ಹೊತ್ತಿಗೆ ಬೆಲೆ 42,000ಕ್ಕೆ ಬಿದ್ದಿತ್ತು. ಸಾಲ ತಗೊಂಡು ವ್ಯಾಪಾರ ಮಾಡಿದ್ದವರ ಹಣ ಕರಗಿದಾಗ ಎಕ್ಸ್‌ಚೇಂಜ್‌ಗಳು ಅವರ ಕಾಯಿನ್‌ಗಳನ್ನ ತಾವಾಗೇ ಮಾರಿಬಿಡುತ್ತೆ. ಆ ಮಾರಾಟ ಬೆಲೆಯನ್ನ ಇನ್ನೂ ಕೆಳಗೆ ತಳ್ಳುತ್ತೆ, ಅದು ಮುಂದಿನವರ ಸರದಿ ತರುತ್ತೆ. ಅಂಥ ಹೊತ್ತಲ್ಲಿ ಯಾರೂ ನಡುಗೆರೆ ನೋಡ್ತಾ ಕೂತಿರೋದಿಲ್ಲ. ಬೆಳಿಗ್ಗೆ 5:30ಕ್ಕೆ ಚಾರ್ಟ್ ನೋಡಿದವರಿಗೆ ಸಿಕ್ಕ ಎಚ್ಚರಿಕೆ ಎಷ್ಟು ಗೊತ್ತಾ? ಅಂಚಿಗಿಂತ ನೂರು ಡಾಲರ್ ಕೆಳಗೆ ಕ್ಲೋಸ್, ಅಷ್ಟೇ. ಕೆಲವೇ ಗಂಟೆಯಲ್ಲಿ ಹನ್ನೊಂದು ಸಾವಿರ ಡಾಲರ್ ಹೋಯ್ತು. ಆ ದಿನ ಬೆಲೆ ಸುಮಾರು 49,000ಕ್ಕೆ ಚೇತರಿಸಿಕೊಂಡು ಕ್ಲೋಸ್ ಆಯ್ತು, ಆದ್ರೆ ಜನವರಿ ಕೊನೆಗೆ 33,000ಕ್ಕೆ ಇಳಿದಿತ್ತು.

ಸೆಪ್ಟೆಂಬರ್‌ಗೂ ಡಿಸೆಂಬರ್‌ಗೂ ಚಾರ್ಟ್‌ನಲ್ಲಿ ವ್ಯತ್ಯಾಸ ಇತ್ತಾ? ಒಂದಿತ್ತು. ಸೆಪ್ಟೆಂಬರ್‌ನಲ್ಲಿ ಮುಂದಿನ ಮೋಡ ಕೂದಲೆಳೆಯಷ್ಟಾದರೂ ಹಸಿರಿತ್ತು. ಡಿಸೆಂಬರ್ 3ಕ್ಕೆ ಅದು ಸ್ಪಷ್ಟವಾಗಿ ಕೆಂಪು: ಎ 58,000ದ ಹತ್ತಿರ, ಬಿ 60,300. ಬಲದ ನಾಲ್ಕೂ ಪ್ರಶ್ನೆಗೆ ಉತ್ತರ ಇಲ್ಲ. ಆದ್ರೆ ಎರಡು ಉದಾಹರಣೆಯಿಂದ ನಿಯಮ ಮಾಡೋಕೆ ಹೋಗಬೇಡಿ. ಇದರಿಂದ ಧೈರ್ಯವಾಗಿ ಹೇಳಬಹುದಾದದ್ದು ಇಷ್ಟೇ: ಮೋಡದ ಅಂಚು ಗೋಡೆಯಲ್ಲ. ಎಲ್ಲಿ ನಿಲ್ಲಬಹುದು ಅಂತ ಅದು ಹೇಳುತ್ತೆ, ನಿಲ್ಲದಿದ್ರೆ ಎಷ್ಟು ದೂರ ಬೀಳುತ್ತೆ ಅಂತ ಹೇಳೋದಿಲ್ಲ. ದಪ್ಪ ಅಂದ್ರೆ ಹಿಂದಿನ 52 ದಿನದ ಓಡಾಟ ದೊಡ್ಡದಿತ್ತು ಅಂತ ಮಾತ್ರ, ಅಲ್ಲಿ ಕೊಳ್ಳೋರು ಸಾಲಾಗಿ ನಿಂತಿದ್ದಾರೆ ಅಂತ ಅಲ್ಲ.

ಆ ವಾರದಲ್ಲೇ ಇನ್ನೊಂದು ಮೋಸ ಕಾಣುತ್ತೆ. ಡಿಸೆಂಬರ್ 5ಕ್ಕೆ ಕಿಜುನ್ 55,500 ಇತ್ತು, 69,000 ಮತ್ತು 42,000ದ ನಡುಮಧ್ಯ. 6ಕ್ಕೆ ಅದು 54,200ಕ್ಕೆ ಇಳಿಯಿತು. ಬೆಲೆ ಬಿತ್ತಾ? ಇಲ್ಲ, ಆ ದಿನ ಬೆಲೆ ಸ್ವಲ್ಪ ಏರಿತ್ತು. ನವೆಂಬರ್ 10ರ ಎತ್ತರ 26 ದಿನದ ಕಿಟಕಿಯಿಂದ ಹೊರಗೆ ಹೋಯ್ತು, ಅಷ್ಟೇ ಕಾರಣ. ಗೆರೆ ಕದಲಿದಾಗ, ಅಥವಾ ಟೆಂಕನ್ ಕಿಜುನ್ ಒಂದನ್ನೊಂದು ದಾಟಿದಾಗ, ಹೊಸದಾಗಿ ಏನಾದ್ರೂ ನಡೀತಾ, ಅಥವಾ ಹಳೆಯದೊಂದು ದಿನ ಬಿದ್ದುಹೋಯ್ತಾ ಅಂತ 26 ಕ್ಯಾಂಡಲ್ ಎಣಿಸಿ ನೋಡಿ. ಹಳೆ ದಿನ ಬಿದ್ದುಹೋಗಿದ್ರಿಂದ ಹುಟ್ಟಿದ ಸಿಗ್ನಲ್‌ಗೆ ಅಷ್ಟು ಬೆಲೆ ಕೊಡಬೇಡಿ.

ನಮ್ಮ ದೇಶದ ತೆರಿಗೆ ಈ ಲೆಕ್ಕ ಬದಲಾಯಿಸುತ್ತೆ

ಮೋಡದ ಒಳಗೆ ಬೆಲೆ ಸುತ್ತಾಡೋವಾಗ ಅಂಚಿನಲ್ಲಿ ಮಾರಿ, ಮತ್ತೆ ಕೊಂಡು, ಮತ್ತೆ ಮಾರೋ ಆಸೆ ಬರುತ್ತೆ. ವಿದೇಶಿ ಯೂಟ್ಯೂಬ್‌ಗಳಲ್ಲಿ ಹೇಳೋದೂ ಅದನ್ನೇ. 2022ರ ಏಪ್ರಿಲ್ 1ರಿಂದ ನಮ್ಮಲ್ಲಿ ಕ್ರಿಪ್ಟೋ ಲಾಭಕ್ಕೆ 30 ಪರ್ಸೆಂಟ್ ತೆರಿಗೆ, ಅದರ ಮೇಲೆ ಸೆಸ್ ಸೇರಿ 31.2. ಒಂದರ ನಷ್ಟವನ್ನ ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗಿಲ್ಲ, ಮುಂದಿನ ವರ್ಷಕ್ಕೂ ಒಯ್ಯೋ ಹಾಗಿಲ್ಲ. ಅದೇ ವರ್ಷದ ಜುಲೈ 1ರಿಂದ ಮಾರಾಟದ ಮೇಲೆ 1 ಪರ್ಸೆಂಟ್ ಟಿಡಿಎಸ್.

ಚಿಕ್ಕ ಲೆಕ್ಕ ನೋಡಿ. ಒಂದು ಲಕ್ಷಕ್ಕೆ ಕೊಂಡು, ಅಂಚು ಮುರೀತು ಅಂತ 95,000ಕ್ಕೆ ಮಾರಿದ್ರಿ. ಬೆಲೆ ತಿರುಗಿತು ಅಂತ ಅದೇ 95,000ಕ್ಕೆ ಕೊಂಡು, ಮತ್ತೆ ಒಂದು ಲಕ್ಷಕ್ಕೆ ಮಾರಿದ್ರಿ. ಒಟ್ಟಾರೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಅಂತ ಅಂದ್ಕೊಳ್ತೀರಿ. ತೆರಿಗೆ ಇಲಾಖೆ ಲೆಕ್ಕದಲ್ಲಿ ಎರಡನೇ ಸಲದ 5,000 ಲಾಭ, ಅದಕ್ಕೆ 1,560 ರೂಪಾಯಿ ತೆರಿಗೆ. ಮೊದಲ ಸಲದ 5,000 ನಷ್ಟ ಗಾಳಿಗೆ. ಎರಡು ಮಾರಾಟಕ್ಕೂ ಟಿಡಿಎಸ್ ಕಟ್ ಆದ್ರೆ 1,950 ರೂಪಾಯಿ ರಿಟರ್ನ್ ಹಾಕಿ ಹೊಂದಿಸಿಕೊಳ್ಳೋವರೆಗೆ ನಿಮ್ಮ ಕೈಯಲ್ಲಿರೋದಿಲ್ಲ. ಎಕ್ಸ್‌ಚೇಂಜ್ ಫೀಸ್ ಬೇರೆ.

ಹಾಗಾಗಿ ನಮಗೆ ಮೋಡದ ಒಳಗಿನ ಪ್ರತಿ ಅಲುಗಾಟಕ್ಕೆ ಕೈ ಹಾಕೋದು ದುಬಾರಿ. ಎರಡೇ ಘಟನೆಗೆ ಗಮನ ಕೊಡಿ: ಡೈಲಿ ಕ್ಯಾಂಡಲ್ ಸಪಾಟು ಕೆಳಂಚಿನ ಕೆಳಗೆ ಕ್ಲೋಸ್ ಆಗೋದು, ಮತ್ತು ಬಲದ ಪ್ರಶ್ನೆಗಳಲ್ಲಿ ಮೂರಾದರೂ ಹೌದು ಅಂದು ಬೆಲೆ ಮೋಡದ ಮೇಲೆ ಕ್ಲೋಸ್ ಆಗೋದು. ಇವೆರಡರ ನಡುವಿನದ್ದು ಕಾಯೋ ಸಮಯ.

ನಮ್ಮ ಭಾಂಡುಪ್ ವೀಕ್ಷಕರಿಗೆ ಕೊನೆಯ ಮಾತು. ಕೆಳಂಚಿನ ಬೆಲೆ ಒಂದು ಚೀಟಿಯಲ್ಲಿ ಬರೆದಿಟ್ಕೊಳ್ಳಿ. ಅದರ ಪಕ್ಕದಲ್ಲಿ ಅಲ್ಲಿಂದ ಇನ್ನೂ 20 ಪರ್ಸೆಂಟ್ ಕೆಳಗಿನ ಬೆಲೆಯನ್ನೂ ಬರೀರಿ, ಡಿಸೆಂಬರ್ 4ರ ಬೆಳಿಗ್ಗೆ ಹೆಚ್ಚುಕಮ್ಮಿ ಅಷ್ಟೇ ಬಿದ್ದಿತ್ತು. ಎರಡನೇ ಬೆಲೆಗೆ ನಿಮ್ಮ ಡೌನ್ ಪೇಮೆಂಟ್‌ನಲ್ಲಿ ಎಷ್ಟು ಕಡಿಮೆ ಬೀಳುತ್ತೆ ಅಂತ ಲೆಕ್ಕ ಹಾಕಿ. ಬಿಲ್ಡರ್‌ಗೆ ಕೊಡಬೇಕಾದ ತಾರೀಖು ಹತ್ತಿರ ಇದ್ದು, ಆ ಕೊರತೆ ತುಂಬೋಕೆ ಬೇರೆ ದಾರಿ ಇಲ್ಲ ಅಂದ್ರೆ, ಎಷ್ಟು ಇಟ್ಕೊಳ್ಳಬೇಕು ಅನ್ನೋದನ್ನ ಆ ಎರಡನೇ ಅಂಕಿ ನೋಡಿ ತೀರ್ಮಾನಿಸಿ, ಮೋಡದ ಬಣ್ಣ ನೋಡಿ ಅಲ್ಲ.

ಮನೆಕೆಲಸ: 2021ರ ಚಾರ್ಟ್ ತೆಗೆದು ಸೆಪ್ಟೆಂಬರ್ 28ರ ಮೋಡದ ಕೆಳಂಚನ್ನ ನೀವೇ ಕೈಯಲ್ಲಿ ಲೆಕ್ಕ ಮಾಡಿ. 40,150ರ ಆಸುಪಾಸು ಬಂದ್ರೆ ನಿಮಗೆ ಇಚಿಮೊಕು ಅರ್ಥ ಆಗಿದೆ. ಮುಂದಿನ ವಾರ ಸಿಗೋಣ, ನಮಸ್ಕಾರ.